ಹಣ ಇಷ್ಟೇ ಇದೆ, ಯಾವ ಯೋಜನೆ ಹಿಡಿಯಲಿ? ಲಾಭದಾಯಕತೆ ಸೂಚ್ಯಂಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಿ.ಕಾಂ., ಎಂಬಿಎ, ಸಿಎ ಓದುವವರು ಕೇಳಿದ ಪ್ರಶ್ನೆಗಳು ಇಲ್ಲಿವೆ. ಸಣ್ಣ ಉದ್ಯಮ ನಡೆಸುವವರು, ಅವರ ಲೆಕ್ಕ ನೋಡಿಕೊಳ್ಳುವವರು ಕೇಳಿದ್ದೂ ಇವೆ. ಉತ್ತರಗಳಿಗೆಲ್ಲ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇನೆ. ಗಂಗಾವತಿ ಕಡೆಯ ಒಂದು ರೈಸ್ ಮಿಲ್ ಅಂದುಕೊಳ್ಳಿ. ಅಂಕಿಗಳು ಲೆಕ್ಕ ತಿಳಿಯಲೆಂದು ನಾನು ಹಾಕಿದವು, ಯಂತ್ರಗಳ ಮಾರುಕಟ್ಟೆ ದರವಲ್ಲ.

## ಮೊದಲ ಪಾಠದ ಪ್ರಶ್ನೆಗಳು

ಪಿಐ ಅಂದ್ರೆ ಏನು? ಒಂದು ಯಂತ್ರ ಇಟ್ಟುಕೊಂಡು ಹೇಳಿ ಸರ್.

ಮಿಲ್‌ಗೆ ಒಂದು ವೇ ಬ್ರಿಡ್ಜ್ ಹಾಕಬೇಕು. ಖರ್ಚು 10 ಲಕ್ಷ. ಹೊರಗೆ ಲಾರಿ ತೂಗಿಸುವ ಖರ್ಚು ಉಳಿಯುತ್ತದೆ, ಬೇರೆಯವರ ಲಾರಿ ತೂಗಿ ಒಂದಿಷ್ಟು ಬರುತ್ತದೆ. ತೆರಿಗೆ ಕಳೆದು ವರ್ಷಕ್ಕೆ 2.5 ಲಕ್ಷ, 10 ವರ್ಷ.

ಮುಂದಿನ ವರ್ಷಗಳ ಹಣ ಇವತ್ತಿನ ಹಣಕ್ಕೆ ಸಮವಲ್ಲ. ಶೇ. 12ರ ದರ ಹಿಡಿದರೆ, 10 ವರ್ಷ ಬರುವ ವರ್ಷಕ್ಕೆ 1 ರೂಪಾಯಿಯ ಇವತ್ತಿನ ಬೆಲೆ ಒಟ್ಟು 5.650 ರೂಪಾಯಿ. ಈ ಅಂಕಿ ವಾರ್ಷಿಕ ಕಂತಿನ ಕೋಷ್ಟಕದಲ್ಲಿ ಸಿಗುತ್ತದೆ. 2.5 × 5.650 ಅಂದರೆ ಸುಮಾರು 14.12 ಲಕ್ಷ. ಇದರಲ್ಲಿ ಹಾಕಿದ 10 ಲಕ್ಷ ಕಳೆದರೆ 4.12 ಲಕ್ಷ. ಇದು ನಿವ್ವಳ ಪ್ರಸ್ತುತ ಮೌಲ್ಯ, ಎಲ್ಲರೂ ಹೇಳುವ ಎನ್‌ಪಿವಿ. ಕಳೆಯುವ ಬದಲು ಭಾಗಿಸಿದರೆ 14.12 ÷ 10 = 1.41. ಇದೇ ಲಾಭದಾಯಕತೆ ಸೂಚ್ಯಂಕ, ಪಿಐ. ಹಾಕಿದ ಪ್ರತಿ ರೂಪಾಯಿಗೆ ಇವತ್ತಿನ ಲೆಕ್ಕದಲ್ಲಿ 1 ರೂಪಾಯಿ 41 ಪೈಸೆ ವಾಪಸ್ ಬರುತ್ತದೆ ಎಂದು ಓದಿಕೊಳ್ಳಿ.

ಕೆಲವರು ಎನ್‌ಪಿವಿಯನ್ನೇ ಹೂಡಿಕೆಯಿಂದ ಭಾಗಿಸಿ 0.41 ಎನ್ನುತ್ತಾರೆ. ಎರಡಕ್ಕೂ ಸರಿಯಾಗಿ ಒಂದರ ವ್ಯತ್ಯಾಸ, ಹಾಗಾಗಿ ಯೋಜನೆಗಳನ್ನು ಮೇಲಿನಿಂದ ಕೆಳಗೆ ಜೋಡಿಸಿದ ಸಾಲು ಬದಲಾಗುವುದಿಲ್ಲ. ಪರೀಕ್ಷೆಯಲ್ಲಿ ಯಾವುದು ಬಳಸಿದ್ದೀರಿ ಅಂತ ಬರೆದರೆ ಸಾಕು.

ಎನ್‌ಪಿವಿ ಜಾಸ್ತಿ ಇರೋದನ್ನೇ ತಗೊಂಡ್ರೆ ಆಯ್ತಲ್ಲ, ಪಿಐ ಯಾಕೆ ಬೇಕು?

ಹಣಕ್ಕೆ ಮಿತಿ ಇಲ್ಲದಿದ್ದರೆ ನಿಮ್ಮ ಮಾತು ಸರಿ. ಎನ್‌ಪಿವಿ ಸೊನ್ನೆಗಿಂತ ಮೇಲಿರುವ ಎಲ್ಲವನ್ನೂ ಮಾಡಿ, ಪಿಐ ಕಡೆ ತಿರುಗಿಯೂ ನೋಡಬೇಡಿ. ಪಿಐಗೆ ಕೆಲಸ ಬರುವುದು ಹಣ ಸಾಲದಾಗ ಮಾತ್ರ.

ನಮ್ಮ ಮಿಲ್‌ನಲ್ಲಿ ಐದು ಯೋಜನೆಗಳಿವೆ. ಐದೂ ಒಳ್ಳೆಯವೇ. ಅದರಲ್ಲಿ ಸಾರ್ಟೆಕ್ಸ್ ಎಂದರೆ ಬಣ್ಣ ನೋಡಿ ಕೆಟ್ಟ ಅಕ್ಕಿ ಬೇರ್ಪಡಿಸುವ ಯಂತ್ರ. ಎಲ್ಲಕ್ಕೂ 150 ಲಕ್ಷ ಬೇಕು, ಕೈಯಲ್ಲಿರುವುದು 60 ಲಕ್ಷ. ಹಣ ಎಲ್ಲ ಲಕ್ಷಗಳಲ್ಲಿ, ದರ ಶೇ. 12.

| ಯೋಜನೆ | ಹೂಡಿಕೆ | ವರ್ಷಕ್ಕೆ ಬರುವುದು | ಆಯಸ್ಸು (ವರ್ಷ) | ಎನ್‌ಪಿವಿ | ಪಿಐ |
|---|---|---|---|---|---|
| ವೇ ಬ್ರಿಡ್ಜ್ | 10 | 2.5 | 10 | 4.12 | 1.41 |
| ಛಾವಣಿ ಸೋಲಾರ್ | 30 | 5.8 | 15 | 9.50 | 1.32 |
| ಭತ್ತದ ಡ್ರೈಯರ್ | 40 | 9.2 | 10 | 11.98 | 1.30 |
| ಗೋದಾಮು | 50 | 8.5 | 20 | 13.49 | 1.27 |
| ಸಾರ್ಟೆಕ್ಸ್ | 20 | 7.0 | 5 | 5.24 | 1.26 |

ಎನ್‌ಪಿವಿ ದೊಡ್ಡದು ಎಂದು ಗೋದಾಮಿಗೆ ಕೈ ಹಾಕಿದರೆ 50 ಲಕ್ಷ ಹೋಯಿತು. ಉಳಿದ 10ರಲ್ಲಿ ವೇ ಬ್ರಿಡ್ಜ್ ಬರುತ್ತದೆ. ಒಟ್ಟು ಎನ್‌ಪಿವಿ 17.61. ಪಿಐ ಸಾಲಿನಲ್ಲಿ ಹೋದರೆ ಮೊದಲು ವೇ ಬ್ರಿಡ್ಜ್, ಆಮೇಲೆ ಸೋಲಾರ್. 40 ಮುಗಿಯಿತು. ಮುಂದಿನ ಡ್ರೈಯರ್‌ಗೆ 40 ಬೇಕು, ಉಳಿದಿರುವುದು 20, ಬಿಡಿ. ಗೋದಾಮೂ ಬಿಡಿ. ಸಾರ್ಟೆಕ್ಸ್ ಸರಿಯಾಗಿ 20ಕ್ಕೆ ಕೂರುತ್ತದೆ. ಒಟ್ಟು 18.86. ಅದೇ 60 ಲಕ್ಷದಲ್ಲಿ 1.25 ಲಕ್ಷ ಜಾಸ್ತಿ.

ಗೋದಾಮಿನ 13.49 ದೊಡ್ಡದಾಗಿ ಕಾಣುವುದು ಅದು 50 ಲಕ್ಷ ತಿನ್ನುವುದರಿಂದ. ಕೊರತೆ ಇರುವುದು ರೂಪಾಯಿಗೆ. ಹಾಗಾಗಿ ಪ್ರತಿ ರೂಪಾಯಿ ಎಷ್ಟು ದುಡಿಯುತ್ತದೆ ಎಂದೇ ಕೇಳಬೇಕು.

ಹಣ ನಿಜವಾಗಿ ಕಟ್ಟುನಿಟ್ಟಾಗಿ ಸೀಮಿತ ಅಂತ ಯಾವಾಗ ಹೇಳಬೇಕು? ನಮ್ಮ ಯಜಮಾನರು ಸುಮ್ನೆ "ಈ ವರ್ಷ ಅರವತ್ತೇ" ಅಂತಾರೆ.

ಪುಸ್ತಕಗಳಲ್ಲಿ ಇದಕ್ಕೆ ಎರಡು ಬಗೆ ಹೇಳುತ್ತಾರೆ. ಬಡ್ಡಿ ಎಷ್ಟು ಕೊಡುತ್ತೇನೆಂದರೂ ಹೊರಗಿನಿಂದ ಇನ್ನು ಹಣ ಹುಟ್ಟದಿದ್ದರೆ ಅದು ಕಠಿಣ ಮಿತಿ. ಬ್ಯಾಂಕಿನ ಟರ್ಮ್ ಲೋನ್ ಸ್ಯಾಂಕ್ಷನ್ ಮುಗಿದಿದೆ, ಅಡವಿಡಲು ಇನ್ನೊಂದು ಆಸ್ತಿ ಇಲ್ಲ, ಪಾಲುದಾರರು ಬಂಡವಾಳ ಹಾಕಲು ತಯಾರಿಲ್ಲ ಎಂಬಂಥ ಸ್ಥಿತಿ. ಯಜಮಾನರು ತಾವೇ ಎಳೆದುಕೊಂಡ ಗೆರೆಯಾದರೆ ಅದು ಮೆತ್ತನೆಯ ಮಿತಿ.

ಲೆಕ್ಕ ಎರಡಕ್ಕೂ ಒಂದೇ. ಆದರೆ ಮೆತ್ತನೆಯ ಮಿತಿಯಲ್ಲಿ ನಿಮಗೆ ಇನ್ನೊಂದು ಕೆಲಸ ಇದೆ. ಆ ಗೆರೆಯಿಂದ ಎಷ್ಟು ಕಳೆದುಕೊಳ್ಳುತ್ತಿದ್ದೇವೆ ಎಂದು ಅವರ ಮುಂದೆ ಇಡಬೇಕು. ಹೇಗೆ ಎಂದು ಕೆಳಗೆ, ಇನ್ನೂ 10 ಲಕ್ಷದ ಪ್ರಶ್ನೆಯಲ್ಲಿದೆ.

ಹಣ ಕಡಿಮೆ ಇದ್ದಾಗ 12ರ ಬದಲು 16, 18 ಅಂತ ದರ ಏರಿಸಿಬಿಟ್ಟರೆ ಆಗಲ್ವಾ?

ಬೇಡ. ದರ ಏರಿಸಿದರೆ ಯೋಜನೆಗಳ ಸಂಖ್ಯೆ ಕಡಿಮೆಯಾಗುತ್ತದೆ ನಿಜ. ಆದರೆ ಜೊತೆಗೆ ದೂರದ ವರ್ಷಗಳ ಹಣಕ್ಕೆಲ್ಲ ಅನ್ಯಾಯವಾಗುತ್ತದೆ. ಈ ವರ್ಷ ಕೈ ಬಿಗಿ ಇದ್ದರೆ, ಹದಿನೈದನೇ ವರ್ಷದ ಸೋಲಾರ್ ಉಳಿತಾಯಕ್ಕೂ ಬಿಗಿ ಯಾಕೆ? ಹಣದ ಸಹಜ ದರ ಶೇ. 12 ಹಾಗೇ ಇರಲಿ. ಕೊರತೆಯನ್ನು ಪಿಐ ನೋಡಿಕೊಳ್ಳುತ್ತದೆ.

## ಲೆಕ್ಕ ಹಾಕುವಾಗ ಬರುವ ಪ್ರಶ್ನೆಗಳು

ಭಾಗಿಸುವಾಗ ಕೆಳಗೆ ಯಾವ ಹಣ ಬರೆಯಬೇಕು? ವರ್ಕಿಂಗ್ ಕ್ಯಾಪಿಟಲ್ ಸೇರಿಸಬೇಕಾ?

ನಾನು ನೋಡಿದ ತಪ್ಪು ಪಿಐಗಳಲ್ಲಿ ಜಾಸ್ತಿ ಹಾಳಾಗುವುದು ಇಲ್ಲೇ. ಕೆಳಗೆ ಬರೆಯಬೇಕಾದದ್ದು ಒಂದೇ ಒಂದು: ಯಾವ ಹಣಕ್ಕೆ ಮಿತಿ ಇದೆಯೋ ಆ ಹಣದಿಂದ ಹೋಗುವ ಮೊತ್ತ. ಬೇರೆಲ್ಲ ಹಣ, ಒಳಗೆ ಬಂದರೂ ಹೊರಗೆ ಹೋದರೂ, ಮೇಲಿನ ಎನ್‌ಪಿವಿ ಲೆಕ್ಕದಲ್ಲೇ ಮುಗಿಯಬೇಕು.

ಡ್ರೈಯರ್ ತೆಗೆದುಕೊಳ್ಳಿ. ಕೊಯ್ಲಿನ ಹೊತ್ತಿಗೆ ಬರುವ ಹಸಿ ಭತ್ತವನ್ನು ಒಣಗಿಸಿಕೊಳ್ಳುವ ಶಕ್ತಿ ಬಂದಮೇಲೆ ಮಿಲ್ ಜಾಸ್ತಿ ಭತ್ತ ಖರೀದಿ ಮಾಡುತ್ತದೆ. ಹೆಚ್ಚಿನ ದಾಸ್ತಾನಿಗೆ 6 ಲಕ್ಷ ಸಿಕ್ಕಿಕೊಳ್ಳುತ್ತದೆ ಎನ್ನಿ. ಹತ್ತು ವರ್ಷದ ಕೊನೆಗೆ ಅದು ವಾಪಸ್ ಬರುತ್ತದೆ, ಆದರೆ ಆಗಿನ 6 ಲಕ್ಷದ ಇವತ್ತಿನ ಬೆಲೆ 1.93 ಲಕ್ಷ. ಎನ್‌ಪಿವಿ 11.98ರಿಂದ 7.91ಕ್ಕೆ ಇಳಿಯಿತು.

ಆ 6 ಲಕ್ಷ ಇದೇ 60ರ ಗಂಟಿನಿಂದ ಹೋಗುವುದಾದರೆ ಕೆಳಗೆ 46 ಬರೆಯಿರಿ. 7.91 ÷ 46 = 0.17, ಅಂದರೆ ಪಿಐ 1.17. ಮೂರನೇ ಜಾಗದಲ್ಲಿದ್ದ ಡ್ರೈಯರ್ ಕೊನೆಗೆ ಬಿತ್ತು. ದಾಸ್ತಾನಿನ ಹಣ ಬ್ಯಾಂಕಿನ ಸಿಸಿ ಲಿಮಿಟ್‌ನಿಂದ ಬರುತ್ತದೆ, ಅಲ್ಲಿ ಇನ್ನೂ ಜಾಗ ಇದೆ ಎಂದಾದರೆ ಕೆಳಗೆ 40 ಮಾತ್ರ. ಎನ್‌ಪಿವಿ ಆಗಲೂ 7.91, ಯಾಕೆಂದರೆ ಸಿಸಿ ಹಣವೂ ಪುಕ್ಕಟೆ ಅಲ್ಲ. ಪಿಐ 1.20.

ಮುಂದಿನ ಉತ್ತರಗಳಲ್ಲಿ ಈ 6 ಲಕ್ಷ ಇಲ್ಲ, ಡ್ರೈಯರ್ ಕೋಷ್ಟಕದಲ್ಲಿ ಇದ್ದ ಹಾಗೇ ಇದೆ.

ಸಾರ್ಟೆಕ್ಸ್‌ಗೆ 5 ಲಕ್ಷ ಸಬ್ಸಿಡಿ ಬರುತ್ತೆ. ಹೂಡಿಕೆ 15 ಅಂತ ಹಾಕಬಹುದಾ?

ಯಂತ್ರ ಕೊಡುವವರಿಗೆ ನೀವು ಮೊದಲ ದಿನ ಕಟ್ಟುವುದು 15 ಆಗಿದ್ದರೆ ಹಾಕಿ. ಎರಡು ವರ್ಷ ಆದಮೇಲೆ ಸಬ್ಸಿಡಿ ಖಾತೆಗೆ ಬರುವುದಾದರೆ ಬೇಡ. ಈ ವರ್ಷದ ಗಂಟಿನಿಂದ ಹೋಗುವುದು 20 ಲಕ್ಷವೇ.

15ರಿಂದ ಭಾಗಿಸಿದರೆ ಪಿಐ 1.68 ಬರುತ್ತದೆ. ಸರಿಯಾದ ದಾರಿ ಹೀಗೆ: ಎರಡು ವರ್ಷದ ನಂತರದ 5 ಲಕ್ಷಕ್ಕೆ ಇವತ್ತಿನ ಬೆಲೆ 3.99. ಅದನ್ನು ಮೇಲೆ ಸೇರಿಸಿ. 29.22 ÷ 20 = 1.46. ಆದರೂ ಸಾರ್ಟೆಕ್ಸ್ ಮೊದಲ ಜಾಗಕ್ಕೆ ಬಂತು, ಅದು ಸಬ್ಸಿಡಿಯ ಬಲ. ಆದರೆ ಬಜೆಟ್‌ನಲ್ಲಿ 15 ಅಂತ ಬರೆದು ಉಳಿದ 5ನ್ನು ಬೇರೆಯದಕ್ಕೆ ಕೊಟ್ಟರೆ, ಇನ್ವಾಯ್ಸ್ ಬಂದ ದಿನ ಕೈ ಖಾಲಿ.

ಧೂಳು ಹಿಡಿಯುವ ಯಂತ್ರ ಹಾಕಲೇಬೇಕು ಅಂತ ನೋಟಿಸ್ ಬಂದಿದೆ. ಅದರ ಪಿಐ ಒಂದಕ್ಕಿಂತ ಕಡಿಮೆ. ಸಾಲಿನಲ್ಲಿ ಎಲ್ಲಿಡಲಿ?

ಸಾಲಿನಲ್ಲೇ ಇಡಬೇಡಿ. ಕಾನೂನಿನ ಕೆಲಸ ಬಿಟ್ಟರೆ ಮಿಲ್ ನಿಲ್ಲುತ್ತದೆ. ಅದರ ಹಣವನ್ನು ಮೊದಲೇ ಎತ್ತಿಟ್ಟು, ಉಳಿದದ್ದನ್ನು ಬಜೆಟ್ ಎನ್ನಿ.

ಧೂಳಿನ ಯಂತ್ರಕ್ಕೆ 8 ಲಕ್ಷ ಎಂದರೆ ಉಳಿಯುವುದು 52. ಈಗ ವೇ ಬ್ರಿಡ್ಜ್, ಸೋಲಾರ್, ಸಾರ್ಟೆಕ್ಸ್ ಮೂರೂ ಹಿಡಿಯುವುದಿಲ್ಲ. ಎಲ್ಲ ಜೋಡಿಗಳನ್ನೂ ಹಾಕಿ ನೋಡಿದರೆ ವೇ ಬ್ರಿಡ್ಜ್ ಮತ್ತು ಡ್ರೈಯರ್ ಗೆಲ್ಲುತ್ತವೆ, 50 ಲಕ್ಷಕ್ಕೆ 16.10. ಸೋಲಾರ್ ಹೊರಗೆ, ಡ್ರೈಯರ್ ಒಳಗೆ. ಮೊದಲಿನ 18.86ಕ್ಕೆ ಹೋಲಿಸಿದರೆ 2.76 ಲಕ್ಷ ಕಡಿಮೆ. ಅಂದರೆ ಆ ಯಂತ್ರದ ನಿಜವಾದ ಭಾರ 8 ಅಲ್ಲ, 10.76. ಹೊಸ ಯಂತ್ರದ ಬದಲು ಬಾಡಿಗೆಗೆ ಅಥವಾ ಕಂತಿನಲ್ಲಿ ಸಿಗುತ್ತದಾ ಎಂದು ವಿಚಾರಿಸುವಾಗ ಈ ಎರಡನೇ ಅಂಕಿ ತಲೆಯಲ್ಲಿರಲಿ.

ನಮ್ಮ ಅಕೌಂಟೆಂಟ್ ಐಆರ್‌ಆರ್ ನೋಡಿ ಸಾರ್ಟೆಕ್ಸೇ ಬೆಸ್ಟ್ ಅಂತಾರೆ, ಪಿಐನಲ್ಲಿ ಅದು ಕೊನೆಗಿದೆ. ಯಾರು ಸರಿ?

ಅವರ ಲೆಕ್ಕ ಸರಿಯೇ ಇದೆ. ಐಆರ್‌ಆರ್ ಎಂದರೆ ಯೋಜನೆಯ ಎನ್‌ಪಿವಿ ಸೊನ್ನೆಯಾಗುವ ದರ. ಐಆರ್‌ಆರ್ ಸಾರ್ಟೆಕ್ಸ್‌ಗೆ ಸುಮಾರು ಶೇ. 22, ವೇ ಬ್ರಿಡ್ಜ್‌ಗೆ 21, ಡ್ರೈಯರ್‌ಗೆ 19, ಸೋಲಾರ್‌ಗೆ 17.6, ಗೋದಾಮಿಗೆ 16 ಚಿಲ್ಲರೆ. ಹಾಕಿದ ಹಣ ಬೇಗ ವಾಪಸ್ ಬರುವುದರಲ್ಲೂ ಸಾರ್ಟೆಕ್ಸೇ ಮೊದಲು, ಮೂರು ವರ್ಷದ ಒಳಗೆ.

ವ್ಯತ್ಯಾಸ ಆಯಸ್ಸಿನಲ್ಲಿದೆ. ಸಾರ್ಟೆಕ್ಸ್ ಜೋರಾಗಿ ದುಡಿಯುತ್ತದೆ, ಐದೇ ವರ್ಷ. ಸೋಲಾರ್ ನಿಧಾನ, ಹದಿನೈದು ವರ್ಷ. ಬಂದ ಹಣ ಆಮೇಲೆ ಶೇ. 12ರಲ್ಲಿ ದುಡಿಯುತ್ತದೆ ಎಂದು ಪಿಐ ಅಂದುಕೊಳ್ಳುತ್ತದೆ. ಸಾರ್ಟೆಕ್ಸ್‌ನಿಂದ ಬಂದ ಹಣ ಮತ್ತೆ 22ರಲ್ಲೇ ದುಡಿಯುತ್ತದೆ ಎಂದು ಐಆರ್‌ಆರ್ ಸಾಲು ಹೇಳಿದಂತೆ. ಮಿತಿ ಈ ಒಂದು ವರ್ಷಕ್ಕೆ ಮಾತ್ರ ಎಂದಾದರೆ ನಾನು ಪಿಐ ಕಡೆ. ಮುಂದಿನ ಎರಡು ಮೂರು ವರ್ಷವೂ ಹಣ ಬಿಗಿ ಎಂದು ಗೊತ್ತಿದ್ದರೆ, ಬೇಗ ತಿರುಗುವ ಹಣಕ್ಕೆ ಶೇ. 12ಕ್ಕಿಂತ ಜಾಸ್ತಿ ಬೆಲೆ ಇದೆ. ಆಗ ನಿಮ್ಮ ಅಕೌಂಟೆಂಟ್ ಮಾತಿನಲ್ಲಿ ಹುರುಳಿದೆ. ಅದನ್ನು ಸರಿಯಾಗಿ ಅಳೆಯುವ ದಾರಿ ಕೊನೆಯ ಉತ್ತರದಲ್ಲಿದೆ.

ಎರಡು ಸೈಜ್ ಡ್ರೈಯರ್ ಕೊಟೇಶನ್ ಬಂದಿದೆ. ಒಂದನ್ನೇ ಹಾಕೋದು. ಪಿಐ ಜಾಸ್ತಿ ಇರೋ ಸಣ್ಣದನ್ನು ತಗೊಳ್ಳಲಾ?

ಪಿಐ ಜಾಸ್ತಿ ಎಂಬ ಒಂದೇ ಕಾರಣಕ್ಕೆ ಬೇಡ. ಸಣ್ಣದರ ಪಿಐ ಎಷ್ಟೋ ಸಲ ಹೊಳೆಯುತ್ತದೆ. ದೊಡ್ಡದಕ್ಕೆ ಕೊಡುವ ಹೆಚ್ಚಿನ ಹಣ ಏನು ದುಡಿಯುತ್ತದೆ ಎಂದು ನೋಡಿ.

ದೊಡ್ಡದು 40 ಲಕ್ಷ, ಎನ್‌ಪಿವಿ 11.98. ಸಣ್ಣದು 20 ಲಕ್ಷ, ವರ್ಷಕ್ಕೆ 4.8 ಲಕ್ಷ, 10 ವರ್ಷ. ಎನ್‌ಪಿವಿ 7.12, ಪಿಐ 1.36. ಹೆಚ್ಚಿನ 20 ಲಕ್ಷಕ್ಕೆ ಸಿಗುವುದು 4.86, ಪಿಐ 1.24. ಅದೇ 20 ಲಕ್ಷ ಸಾರ್ಟೆಕ್ಸ್‌ಗೆ ಹಾಕಿದರೆ 5.24. ಅಂದರೆ ಸಣ್ಣ ಡ್ರೈಯರ್ ಜೊತೆ ಸಾರ್ಟೆಕ್ಸ್, ದೊಡ್ಡ ಡ್ರೈಯರ್‌ಗಿಂತ 0.38 ಲಕ್ಷ ಮೇಲು.

ಬಜೆಟ್ 60ರಲ್ಲಿ ವೇ ಬ್ರಿಡ್ಜ್, ಸೋಲಾರ್, ಸಣ್ಣ ಡ್ರೈಯರ್ ಸೇರಿ 20.74 ಕೊಡುತ್ತವೆ. ಮೊದಲಿನ 18.86 ಹಿಂದೆ ಬಿತ್ತು. ಅರ್ಧ ಸೈಜಿನ ಕೊಟೇಶನ್ ಕೇಳಿದ್ದಕ್ಕೆ ಸುಮಾರು ಎರಡು ಲಕ್ಷ ಸಿಕ್ಕಿತು. ಹಣ ಬಿಗಿ ಇರುವ ವರ್ಷ ಎಲ್ಲ ಯಂತ್ರಕ್ಕೂ ಎರಡು ಅಳತೆಯ ಕೊಟೇಶನ್ ತರಿಸಿ ಎಂದು ನಾನು ಹೇಳುವುದು ಇದಕ್ಕೇ. (ಮುಂದೆ ಮತ್ತೆ ಕೋಷ್ಟಕದ ಐದು ಯೋಜನೆಗಳಿಗೇ ಬರೋಣ.)

## ಪಿಐ ದಾರಿ ತಪ್ಪಿಸುವ ಜಾಗಗಳು

ಪಿಐ ಸಾಲಿನಲ್ಲಿ ಮೇಲಿನಿಂದ ಆರಿಸುತ್ತಾ ಹೋದ್ರೆ ಯಾವಾಗಲೂ ಉತ್ತಮ ಉತ್ತರ ಬರುತ್ತಾ?

ಇಲ್ಲ. ಬಜೆಟ್ 60ರಲ್ಲಿ ಬಂತು. ಅದನ್ನು 70 ಮಾಡಿ ನೋಡಿ.

ಪಿಐ ಸಾಲು: ವೇ ಬ್ರಿಡ್ಜ್, ಸೋಲಾರ್, 40 ಮುಗಿಯಿತು, ಉಳಿದದ್ದು 30. ಡ್ರೈಯರ್ ಕೂರಲ್ಲ, ಗೋದಾಮು ಕೂರಲ್ಲ, ಸಾರ್ಟೆಕ್ಸ್ ಕೂರುತ್ತದೆ. ಹತ್ತು ಲಕ್ಷ ಸುಮ್ನೆ ಉಳಿಯಿತು. ಒಟ್ಟು ಅದೇ 18.86. ಈಗ ಸೋಲಾರ್ ಮತ್ತು ಡ್ರೈಯರ್ ಎರಡೇ ಹಾಕಿ. ಸರಿಯಾಗಿ 70 ಲಕ್ಷ, ಎನ್‌ಪಿವಿ 21.48. ಪಿಐನಲ್ಲಿ ಎಲ್ಲರಿಗಿಂತ ಮೇಲಿದ್ದ ವೇ ಬ್ರಿಡ್ಜ್ ಉತ್ತಮ ಬುಟ್ಟಿಯಲ್ಲೇ ಇಲ್ಲ.

ಕಾರಣ ಇಷ್ಟೇ. ಅರ್ಧ ವೇ ಬ್ರಿಡ್ಜ್, ಮುಕ್ಕಾಲು ಡ್ರೈಯರ್ ಎಂದು ಯಾರೂ ಮಾರುವುದಿಲ್ಲ. ಇಡಿಯಾಗಿಯೇ ಕೊಳ್ಳಬೇಕಾದಾಗ, ಉಳಿದುಹೋಗುವ ಹಣವೂ ಲೆಕ್ಕಕ್ಕೆ ಬರುತ್ತದೆ. ಪಿಐಗೆ ಅದು ಕಾಣುವುದಿಲ್ಲ. ಗಣಿತದವರು ಇದನ್ನು ಚೀಲ ತುಂಬುವ ಸಮಸ್ಯೆ ಎನ್ನುತ್ತಾರೆ. ವಸ್ತುವನ್ನು ಕತ್ತರಿಸಬಹುದಾದರೆ ಅನುಪಾತದ ಸಾಲೇ ಉತ್ತಮ ಎಂದು ಜಾರ್ಜ್ ಡಾಂಟ್‌ಜಿಗ್ 1957ರಲ್ಲಿ ತೋರಿಸಿದರು. ಕತ್ತರಿಸಲು ಬಾರದಿದ್ದರೆ ಆ ಖಾತ್ರಿ ಇಲ್ಲ.

ಇನ್ನೊಂದು ತಮಾಷೆ. ಇದೇ 70ರಲ್ಲಿ ಐಆರ್‌ಆರ್ ಸಾಲು ಹಿಡಿದರೆ ಸಾರ್ಟೆಕ್ಸ್, ವೇ ಬ್ರಿಡ್ಜ್, ಡ್ರೈಯರ್ ಬಂದು 21.34 ಸಿಗುತ್ತದೆ. ಪಿಐ ಸಾಲಿಗಿಂತ ಚೆನ್ನಾಗಿದೆ! ಐಆರ್‌ಆರ್ ಜಾಣ ಎಂದು ತಿಳಿಯಬೇಡಿ. ಆ ಮೂರು ಸೇರಿ 70ಕ್ಕೆ ಸರಿಹೋದದ್ದು ಅದೃಷ್ಟ.

ಹಾಗಾದ್ರೆ ಪಿಐ ಉತ್ತರ ಕೆಟ್ಟಿದೆ ಅಂತ ನೋಡಿದ ತಕ್ಷಣ ಹೇಗೆ ಗೊತ್ತಾಗುತ್ತೆ?

ಒಂದು ಸುಲಭ ಪರೀಕ್ಷೆ ಇದೆ. ಕೂರದೆ ಹೋದ ಮೊದಲ ಯೋಜನೆಯನ್ನು ಕತ್ತರಿಸಬಹುದು ಎಂದು ಸುಳ್ಳು ಹೇಳಿಕೊಂಡು ಲೆಕ್ಕ ಹಾಕಿ. ಬರುವ ಅಂಕಿಯನ್ನು ಯಾವ ಬುಟ್ಟಿಯೂ ದಾಟಲಾರದು. ಅದು ಮೇಲ್ಮಿತಿ.

ಬಜೆಟ್ 60ರಲ್ಲಿ ವೇ ಬ್ರಿಡ್ಜ್ 4.12, ಸೋಲಾರ್ 9.50, ಅರ್ಧ ಡ್ರೈಯರ್ 5.99. ಒಟ್ಟು 19.61. ನಮ್ಮ ಉತ್ತರ 18.86. ಎಷ್ಟೇ ಹುಡುಕಿದರೂ ಇನ್ನು 0.75ಕ್ಕಿಂತ ಜಾಸ್ತಿ ಸಿಗದು. ಬಜೆಟ್ 70ರಲ್ಲಿ ಮುಕ್ಕಾಲು ಡ್ರೈಯರ್ ಸೇರಿ ಮೇಲ್ಮಿತಿ 22.61, ಪಿಐ ಸಾಲಿನ ಉತ್ತರ 18.86. ಅಂತರ 3.75. ಇಷ್ಟು ದೊಡ್ಡ ಅಂತರ ಕಂಡರೆ ಪಿಐ ಸಾಲು ಬಿಟ್ಟು ಬುಟ್ಟಿಗಳನ್ನು ಒಂದೊಂದಾಗಿ ನೋಡಲೇಬೇಕು. ಕೈಯಲ್ಲಿ ಉಳಿದ ಹಣ ಜಾಸ್ತಿ ಇದ್ದಷ್ಟೂ ಅನುಮಾನ ಜಾಸ್ತಿ ಇರಲಿ.

ಅದರ ಜೊತೆಗೆ, ನಿಜವಾಗಿಯೂ ಕತ್ತರಿಸಬಹುದಾದದ್ದು ಯಾವುದು ಎಂದು ಕೇಳಿ. ಸೋಲಾರ್ ಪ್ಯಾನೆಲ್‌ಗಳನ್ನು ಈ ವರ್ಷ 20 ಲಕ್ಷದ್ದು, ಉಳಿದದ್ದು ಆಮೇಲೆ ಹಾಕಬಹುದು. ಖರ್ಚು, ಉಳಿತಾಯ ಎರಡೂ ಅದೇ ಪ್ರಮಾಣದಲ್ಲಿ ಇಳಿಯುತ್ತವೆ ಎನ್ನಿ. ವೇ ಬ್ರಿಡ್ಜ್, ಡ್ರೈಯರ್, ಮೂರರಲ್ಲಿ ಎರಡು ಪಾಲು ಸೋಲಾರ್ ಸೇರಿ ಸರಿಯಾಗಿ 70 ಲಕ್ಷ, ಎನ್‌ಪಿವಿ 22.44. ಮೇಲ್ಮಿತಿಗೆ ಹೆಚ್ಚುಕಡಿಮೆ ತಾಗಿತು.

ಎಕ್ಸೆಲ್‌ನಲ್ಲಿ ಇದನ್ನು ಹೇಗೆ ಮಾಡೋದು?

ಐದು ಯೋಜನೆಗೆ ಒಟ್ಟು 32 ಬುಟ್ಟಿಗಳು, ಕೈಯಲ್ಲೇ ಆಗುತ್ತದೆ. ಹತ್ತಾದರೆ 1,024. ಆಗ ಸಾಲ್ವರ್ ಬೇಕು. B ಕಾಲಂನಲ್ಲಿ ಹೂಡಿಕೆ, C ಕಾಲಂನಲ್ಲಿ ಎನ್‌ಪಿವಿ, D ಕಾಲಂನಲ್ಲಿ ಹೌದು ಎಂದರೆ 1, ಬೇಡ ಎಂದರೆ 0. ಕೆಳಗೆ ಎರಡು ಸೂತ್ರ:

```
B8: =SUMPRODUCT(B2:B6,D2:D6)
C8: =SUMPRODUCT(C2:C6,D2:D6)
```

ಸಾಲ್ವರ್‌ನಲ್ಲಿ C8 ಗರಿಷ್ಠ ಮಾಡು, D2:D6 ಬದಲಿಸು, B8 ಬಜೆಟ್ ಮೀರಬಾರದು, D2:D6 `bin` ಎಂದು ಕೊಡಿ. ವಿಧಾನ `Simplex LP`.

ಒಂದು ಸೆಟ್ಟಿಂಗ್ ಮರೆಯಬೇಡಿ. `Options` ಒಳಗೆ `Integer Optimality (%)` ಎಂದಿದೆ, ಅದು ಮೊದಲೇ 1 ಇರುತ್ತದೆ. ಉತ್ತಮ ಉತ್ತರಕ್ಕೆ ಶೇ. 1ರೊಳಗೆ ಬಂದರೆ ಸಾಕು, ನಿಲ್ಲಿಸು ಎಂದರ್ಥ. ನಮ್ಮ 70ರ ಲೆಕ್ಕದಲ್ಲಿ 21.48ಕ್ಕೂ 21.34ಕ್ಕೂ ಅಂತರ ಶೇ. 1ಕ್ಕಿಂತ ಕಡಿಮೆ. ಎರಡನೇ ಬುಟ್ಟಿ ಕೊಟ್ಟು ಅದು ನಿಂತರೂ ಆಶ್ಚರ್ಯವಿಲ್ಲ. ಅಲ್ಲಿ 0 ಹಾಕಿ.

## ಸ್ವಲ್ಪ ಮುಂದಿನ ಪ್ರಶ್ನೆಗಳು

ಇನ್ನೂ 10 ಲಕ್ಷ ಸಾಲ ಸಿಗಬಹುದು, ಆದರೆ ಬಡ್ಡಿ ಜಾಸ್ತಿ. ಎಷ್ಟರವರೆಗೆ ಒಪ್ಪಬಹುದು?

ಬಜೆಟ್ 60ರಲ್ಲಿ ಉತ್ತಮ ಬುಟ್ಟಿ 18.86, 70ರಲ್ಲಿ 21.48. ಈ 10 ಲಕ್ಷದಿಂದ ಬರುವ ಹೆಚ್ಚುವರಿ ಎನ್‌ಪಿವಿ 2.62 ಲಕ್ಷ. ಸಾಲದ ಕಂತುಗಳ ಇವತ್ತಿನ ಬೆಲೆ 12.62 ಲಕ್ಷದವರೆಗೆ ಹೋದರೂ ನಷ್ಟವಿಲ್ಲ. ಐದು ವರ್ಷದ ಸಮ ಕಂತಾದರೆ 12.62 ÷ 3.605, ವರ್ಷಕ್ಕೆ 3.5 ಲಕ್ಷ. ಅದು ಸುಮಾರು ಶೇ. 22ರ ಬಡ್ಡಿಗೆ ಸಮ. ನಮ್ಮ ಅಂಕಿಗಳೆಲ್ಲ ತೆರಿಗೆ ಕಳೆದವು, ಆದ್ದರಿಂದ ಈ 22ನ್ನೂ ತೆರಿಗೆ ಕಳೆದ ದರ ಎಂದೇ ಓದಿ. ಯಜಮಾನರು ಎಳೆದ ಗೆರೆಯಾದರೆ ಅವರ ಮುಂದೆ ಇಡಬೇಕಾದ ಅಂಕಿ ಇದು.

ಆದರೆ 5 ಲಕ್ಷ ಮಾತ್ರ ಸಿಕ್ಕರೆ? ಬಜೆಟ್ 65ಕ್ಕೂ ಉತ್ತಮ ಬುಟ್ಟಿ 18.86 ಕೊಡುವುದೇ. ಯಾವ ಹೊಸ ಜೋಡಿಯೂ ಕೂರುವುದಿಲ್ಲ. ಆ 5 ಲಕ್ಷ ಶೇ. 12ಕ್ಕಿಂತ ಒಂದು ಪೈಸೆ ತುಟ್ಟಿಯಾದರೂ ಬೇಡ. ಇಡಿಯಾಗಿ ಕೊಳ್ಳುವ ಯಂತ್ರಗಳಲ್ಲಿ ಹಣದ ಬೆಲೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಬ್ಯಾಂಕಿಗೆ ಹೋಗುವ ಮೊದಲು ಮುಂದಿನ ಮೆಟ್ಟಿಲು ಎಷ್ಟರಲ್ಲಿದೆ ಎಂದು ನೋಡಿಕೊಂಡು ಹೋಗಿ.

ಮುಂದಿನ ವರ್ಷವೂ ಹಣಕ್ಕೆ ಮಿತಿ ಇದೆ. ಪಿಐನಿಂದಲೇ ಮಾಡಬಹುದಾ?

ಆಗ ಪಿಐ ಕೈ ಕೊಡುತ್ತದೆ, ಅದೂ ಸದ್ದಿಲ್ಲದೆ. ಗೋದಾಮನ್ನೇ ನೋಡಿ. ಕಟ್ಟುವವರು ಈಗ 25, ಮುಂದಿನ ವರ್ಷ 25 ಕೊಡಿ ಎಂದರು. ಗೋದಾಮು ಒಂದು ವರ್ಷ ತಡವಾಗಿ ಶುರುವಾಗುತ್ತದೆ, ಹಾಗಾಗಿ ಬರುವ ಹಣದ ಬೆಲೆ 63.49ರಿಂದ 56.69ಕ್ಕೆ ಇಳಿಯುತ್ತದೆ. ಎರಡನೇ ಕಂತಿನ ಇವತ್ತಿನ ಬೆಲೆ 22.32. ಎನ್‌ಪಿವಿ 56.69 − 25 − 22.32 = 9.37. ಈ ವರ್ಷದ 25ರಿಂದ ಭಾಗಿಸಿದರೆ ಪಿಐ 1.37. ನಾಲ್ಕನೇ ಜಾಗದಲ್ಲಿದ್ದ ಗೋದಾಮು ಎರಡನೇ ಜಾಗಕ್ಕೆ ಹಾರಿತು.

ಮುಂದಿನ ವರ್ಷ ಹೊಸದಾಗಿ ಸಿಗುವುದು 10 ಲಕ್ಷ, ಜೊತೆಗೆ ಈ ವರ್ಷ ಹಾಕಿದ ಯಂತ್ರಗಳ ದುಡಿಮೆ ಎಂದುಕೊಳ್ಳಿ. ಗೋದಾಮಿಗೆ 25 ಹೋದಮೇಲೆ ಈ ವರ್ಷ 35 ಉಳಿಯುತ್ತದೆ. ಅದರಲ್ಲಿ ಮುಂದಿನ ವರ್ಷ ಜಾಸ್ತಿ ಹಣ ತರುವ ಜೋಡಿ ವೇ ಬ್ರಿಡ್ಜ್ ಮತ್ತು ಸಾರ್ಟೆಕ್ಸ್: 2.5 + 7 = 9.5. ಹತ್ತು ಸೇರಿ 19.5. ಈ ವರ್ಷ ಖರ್ಚಾಗದೆ ಉಳಿದ ಹಣವನ್ನು ಎತ್ತಿಟ್ಟುಕೊಳ್ಳಲು ಅವಕಾಶವಿಲ್ಲದಿದ್ದರೆ, ಬೇಕಾದ 25 ಆಗುವುದೇ ಇಲ್ಲ. ಗೋಡೆ ಅರ್ಧಕ್ಕೆ ನಿಲ್ಲುತ್ತದೆ. ಪಿಐ 1.37 ಈ ಸುದ್ದಿ ಹೇಳಲೇ ಇಲ್ಲ.

ಹಲವು ವರ್ಷಗಳ ಮಿತಿಯ ಈ ಸಮಸ್ಯೆಯನ್ನು ಜೇಮ್ಸ್ ಲೋರಿ ಮತ್ತು ಲಿಯೊನಾರ್ಡ್ ಸ್ಯಾವೇಜ್ 1955ರಲ್ಲೇ ಎತ್ತಿದರು. ಅದನ್ನು ಲೀನಿಯರ್ ಪ್ರೋಗ್ರಾಮಿಂಗ್‌ನಿಂದ ಬಿಡಿಸುವ ದಾರಿಯನ್ನು ಮಾರ್ಟಿನ್ ವೈನ್‌ಗಾರ್ಟ್‌ನರ್ 1963ರಲ್ಲಿ ವಿವರವಾಗಿ ಕೊಟ್ಟರು. ನಿಮಗೆ ಬೇಕಾದದ್ದು ಮೇಲಿನ ಶೀಟಿಗೆ ಇನ್ನೊಂದು ಕಾಲಂ ಅಷ್ಟೇ: ಪ್ರತಿ ಯೋಜನೆ ಮುಂದಿನ ವರ್ಷ ತಿನ್ನುವ ಹಣ, ತರುವ ಹಣವಾದರೆ ಮೈನಸ್ ಗುರುತಿನಲ್ಲಿ. ಗೋದಾಮಿಗೆ 25, ಸಾರ್ಟೆಕ್ಸ್‌ಗೆ −7, ಡ್ರೈಯರ್‌ಗೆ −9.2, ಹೀಗೆ. ಗೋದಾಮಿನ ಹೂಡಿಕೆ 25, ಎನ್‌ಪಿವಿ 9.37 ಎಂದು ತಿದ್ದಿ. ಹೊಸ ಕಾಲಂನ `SUMPRODUCT` 10 ಮೀರಬಾರದು ಎಂದು ಎರಡನೇ ಷರತ್ತು ಕೊಡಿ. ಸಾರ್ಟೆಕ್ಸ್‌ನ ಬೇಗ ತಿರುಗುವ ಹಣಕ್ಕೆ ನ್ಯಾಯ ಸಿಗುವುದೂ ಇಲ್ಲೇ.

ಈ ವರ್ಷ ಉಳಿದ ಹಣವನ್ನು ಮುಂದಕ್ಕೆ ಒಯ್ಯಬಹುದು ಎಂದಾದರೆ ಉಳಿಕೆಗೂ ಒಂದು ಸಾಲು ಕೊಡಿ: ಈ ವರ್ಷ 1 ತಿನ್ನುತ್ತದೆ, ಮುಂದಿನ ವರ್ಷ −1, ಎಫ್‌ಡಿಗೆ ಇಟ್ಟರೆ ಬಡ್ಡಿ ಸೇರಿಸಿ. ಈ ಸಾಲು ಯಂತ್ರವಲ್ಲ, ಹಣ. ಇದಕ್ಕೆ `bin` ಹಾಕಬೇಡಿ, ಸೊನ್ನೆಗಿಂತ ಕಡಿಮೆಯಾಗಬಾರದು ಎಂದಷ್ಟೇ ಕೊಡಿ.